ಅಜ್ಜಿಯ ಅಡುಗೆ ಪುಸ್ತಕವೂ ಎರಡು ಥರದ ಸೇರೂ

ನಮ್ಮ ಮನೆಯಲ್ಲಿ ಅಜ್ಜಿಯದೊಂದು ಹಳೇ ನೋಟ್ ಬುಕ್ ಇದೆ. ಅಜ್ಜಿ ಮದುವೆಯಾಗಿ ಬಂದ ಹೊಸದರಲ್ಲಿ ಅವರ ಅತ್ತೆ ಹೇಳಿದ ಅಡುಗೆಗಳನ್ನೆಲ್ಲ ಅದರಲ್ಲಿ ಬರೆದಿಟ್ಟಿದ್ದಾರೆ. ಈಗ ಅಜ್ಜಿಗೆ ಕಣ್ಣು ಮಂಜಾಗಿದೆ. ತಾವೇ ಬರೆದದ್ದನ್ನು ತಾವೇ ಓದಲಾರರು. ಪುಟಗಳಿಗೆ ಎಣ್ಣೆ, ಹುಣಸೆರಸ ಬಿದ್ದು ಅಕ್ಷರ ಕದಡಿವೆ. ಅಜ್ಜಿ ಹೇಳಿಕೊಡುವಷ್ಟು ದಿನದೊಳಗೆ ಇದನ್ನು ಕಂಪ್ಯೂಟರಿಗೆ ಹಾಕಬೇಕೆಂದು ಬೇಸಿಗೆ ರಜದಲ್ಲಿ ಕೂತೆ. ಟೈಪ್ ಮಾಡೋದೇ ಕಷ್ಟ ಅಂದ್ಕೊಂಡಿದ್ದೆ. ಆದರೆ ನಿಜವಾದ ಕಷ್ಟ ಅಳತೆಯಲ್ಲಿತ್ತು. ಅದನ್ನೇ ಇಲ್ಲಿ ವಿವರಿಸುತ್ತೇನೆ.

ಮೊದಲು ಟೈಪ್ ಮಾಡಿದ್ದು ಸಾರಿನ ಪುಡಿ. ಪುಸ್ತಕದಲ್ಲಿ ಹೀಗಿತ್ತು: ಕೊತ್ತಂಬರಿ ಬೀಜ ೧ ಸೇರು, ಒಣಮೆಣಸಿನಕಾಯಿ ೦॥ ಸೇರು, ಮೆಂತ್ಯ ಇಷ್ಟು ಚಟಾಕು, ಹೀಗೇ ಮುಂದಕ್ಕೆ. ಸಂಖ್ಯೆಯ ಪಕ್ಕದ ಗೀಟುಗಳು ಹಳೇ ಲೆಕ್ಕದ ಗುರುತು. ಒಂದು ಗೀಟು ಅಂದರೆ ಕಾಲು, ಎರಡು ಗೀಟು ಅರ್ಧ, ಮೂರು ಗೀಟು ಮುಕ್ಕಾಲು. ಹಾಗಾಗಿ ಮೆಣಸಿನಕಾಯಿ ಅರ್ಧ ಸೇರು.

ಸೇರನ್ನು ಗ್ರಾಂ ಮಾಡಬೇಕಲ್ಲ. 80 ತೊಲ ಒಂದು ಸೇರು, ಒಂದು ತೊಲ 11.66 ಗ್ರಾಂ ಎಂದು ತಿಳಿದುಕೊಂಡೆ. ಗುಣಿಸಿದರೆ ಸೇರಿಗೆ 933 ಗ್ರಾಂ. ಅರ್ಧಕ್ಕೆ 466 ಗ್ರಾಂ ಮೆಣಸಿನಕಾಯಿ. ಕೊತ್ತಂಬರಿಯನ್ನು ಅಮ್ಮ ಮನೆಯ ಸೇರಿನಲ್ಲೇ ಅಳೆದು ಹಾಕಿದರು, ಮೆಣಸಿನಕಾಯಿಯನ್ನು ನನ್ನ ಲೆಕ್ಕದಂತೆ ತೂಗಿಸಿ ತಂದರು. ಪುಡಿ ಕೆಂಪಗೆ ಚೆನ್ನಾಗೇ ಕಂಡಿತು. ಅವತ್ತಿನ ಸಾರು ಬಾಯಿಗಿಟ್ಟ ನಮ್ಮಪ್ಪ ಎದ್ದು ಹೋಗಿ ಒಂದು ಚೊಂಬು ನೀರು ಕುಡಿದು ಬಂದರು. ಅಷ್ಟೂ ಪುಡಿ ದಂಡ.

ಅಜ್ಜಿ ನಕ್ಕು, "ಅಯ್ಯೋ ಪೆದ್ದೆ, ಮೆಣಸಿನಕಾಯೀನ ಯಾರಾದ್ರೂ ಸೇರಲ್ಲಿ ಅಳೀತಾರೇನೇ? ಅದು ನೆಟ್ಟಗೆ ಒಳಗೆ ಕೂರುತ್ತಾ? ಅದು ಅಂಗಡಿ ತಕ್ಕಡಿ ಸೇರು ಕಣೆ, ಕಚ್ಚಾ ಸೇರು" ಅಂದರು.

ಆಮೇಲೆ ಅರ್ಥವಾಯಿತು. ನಮ್ಮ ಮೈಸೂರು ಸೀಮೆಯಲ್ಲಿ ಸೇರು ಎನ್ನುವ ಒಂದೇ ಮಾತಿಗೆ ಬೇರೆ ಬೇರೆ ಅರ್ಥಗಳಿದ್ದವು. ಕಾಳುಕಡ್ಡಿ ಅಳೆಯುವ ಪಾತ್ರೆಯ ಸೇರು ಒಂದು. ಅದರ ಕಾಲು ಭಾಗ ಪಾವು, ಪಾವಿನ ಕಾಲು ಭಾಗ ಚಟಾಕು. ಇನ್ನೊಂದು ತೂಕದ ಸೇರು. ಅದರಲ್ಲೂ ಕಚ್ಚಾ ಸೇರು ಅಂದರೆ ಬರೀ 24 ತೊಲ, ಅಂದರೆ ಸುಮಾರು 280 ಗ್ರಾಂ. ಮೆಟ್ರಿಕ್ ತೂಕದ ಕಾಯ್ದೆ 1956ರಲ್ಲೇ ಬಂದರೂ ನಮ್ಮ ಅಡುಗೆಮನೆಯ ಬಾಯಲ್ಲಿ ಹಳೇ ಮಾತೇ ಉಳಿದಿತ್ತು. ಹಾಗಾದರೆ ಅರ್ಧ ಸೇರು ಮೆಣಸಿನಕಾಯಿ 140 ಗ್ರಾಂ. ನಾನು ಹಾಕಿಸಿದ್ದು ಅದರ ಮೂರು ಪಟ್ಟಿಗೂ ಹೆಚ್ಚು!

ಕೊತ್ತಂಬರಿಯದು ಪಾತ್ರೆಯ ಸೇರು. ಅದಕ್ಕೆ ತೊಲದ ಲೆಕ್ಕ ನಡೆಯುವುದಿಲ್ಲ. ಅಟ್ಟದಿಂದ ಅಜ್ಜಿಯ ಪಾವನ್ನು ಇಳಿಸಿ, ನೀರು ತುಂಬಿ, ವಿಜ್ಞಾನ ಮೇಷ್ಟ್ರ ಹತ್ತಿರ ತಂದ ಅಳತೆ ಜಾಡಿಗೆ ಸುರಿದೆ. 240 ಮಿಲಿಲೀಟರ್ ಬಂತು. ಆಮೇಲೆ ಅದೇ ಪಾವಿನಲ್ಲಿ ಅಕ್ಕಿ ತುಂಬಿ ಮೇಲೆ ಕೈಯಿಂದ ಸವರಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ: 200 ಗ್ರಾಂ. ಕೊತ್ತಂಬರಿ ಬೀಜ ತುಂಬಿ ತೂಗಿಸಿದರೆ 80 ಗ್ರಾಂ ಮಾತ್ರ. ಕೊತ್ತಂಬರಿ ಬೀಜ ಟೊಳ್ಳು, ಹಗುರ. ಆದ್ದರಿಂದ "ಒಂದು ಪಾವು ಅಂದರೆ ಇಷ್ಟು ಗ್ರಾಂ" ಎಂದು ಒಂದೇ ಪಟ್ಟಿ ಮಾಡಿ ಎಲ್ಲದಕ್ಕೂ ಹಾಕುವ ಹಾಗಿಲ್ಲ. ಪ್ರತಿ ಸಾಮಾನನ್ನೂ ಒಂದು ಸಲ ಅಳೆದು ತೂಗಲೇಬೇಕು. ನಾಲ್ಕು ಪಾವಿಗೆ ಕೊತ್ತಂಬರಿ 320 ಗ್ರಾಂ ಎಂದು ಬರೆದುಕೊಂಡೆ.

ಇನ್ನು ಮೆಂತ್ಯ. ಅಲ್ಲಿ ಎಣ್ಣೆ ಕಲೆ. ಸಂಖ್ಯೆ ೦॥ ಅಂತಲೂ ಕಾಣುತ್ತದೆ, ೧॥ ಅಂತಲೂ ಕಾಣುತ್ತದೆ. ಕನ್ನಡದ ಸೊನ್ನೆಗೂ ಒಂದಕ್ಕೂ ಇರುವ ವ್ಯತ್ಯಾಸ ಒಂದು ಸಣ್ಣ ಬಾಯಿ ಅಷ್ಟೇ. ಶಾಯಿ ಹರಡಿದರೆ ಅದು ಮುಚ್ಚಿಹೋಗುತ್ತದೆ. ಇದಕ್ಕೆ ಮೂರು ಪರೀಕ್ಷೆ ಮಾಡಿದೆ. ಒಂದು, ಸಂಜೆ ಕತ್ತಲಲ್ಲಿ ಪುಟದ ಪಕ್ಕಕ್ಕೆ ಟಾರ್ಚ್ ಹಿಡಿದೆ. ಪಕ್ಕದಿಂದ ಬೆಳಕು ಬಿದ್ದರೆ ಶಾಯಿ ಹೋಗಿದ್ದರೂ ನಿಬ್ಬು ಒತ್ತಿದ ಗೆರೆಯ ನೆರಳು ಕಾಣುತ್ತದೆ. ಅಲ್ಲಿ ಸುತ್ತು ಪೂರ್ತಿ ಕೂಡಿದ ಹಾಗಿತ್ತು. ಎರಡು, ಲೆಕ್ಕ ಹಾಕಿದೆ. ಅರ್ಧ ಚಟಾಕು ಮೆಂತ್ಯ ತೂಗಿದರೆ ಸುಮಾರು 22 ಗ್ರಾಂ, ಒಂದೂವರೆಯಾದರೆ 66 ಗ್ರಾಂ. 320 ಗ್ರಾಂ ಕೊತ್ತಂಬರಿಗೆ 66 ಗ್ರಾಂ ಮೆಂತ್ಯ ಹಾಕಿದರೆ ಸಾರು ಕಹಿಯಾಗುತ್ತದೆ ಎಂದು ಅಮ್ಮ ಅಂದರು. ಮೂರು, ಪೂರ್ತಿ ಪುಡಿ ಮಾಡದೆ ಎಂಟರಲ್ಲೊಂದು ಪಾಲು ಮಾಡಿದೆವು. ಕೊತ್ತಂಬರಿ 40 ಗ್ರಾಂ, ಮೆಣಸಿನಕಾಯಿ 17 ಗ್ರಾಂ, ಮೆಂತ್ಯ 3 ಗ್ರಾಂ, ಉಳಿದವೂ ಅದೇ ಪಾಲಿನಲ್ಲಿ. ಅಜ್ಜಿ ರುಚಿ ನೋಡಿ, "ಹೂಂ, ಇದು ನಮ್ಮತ್ತೆ ಪುಡಿ" ಅಂದರು. ಅವರ ಕಣ್ಣು ಮಂಜಾಗಿದೆ, ನಾಲಿಗೆ ಮಂಜಾಗಿಲ್ಲ.

ಈಗ ಟೈಪ್ ಮಾಡಿದ ಕ್ರಮ ಹೇಳುತ್ತೇನೆ. ಕಂಪ್ಯೂಟರಿನಲ್ಲಿ ಚೌಕಗಳ ಹಾಳೆ ತೆಗೆದು ಪ್ರತಿ ಸಾಮಾನಿಗೂ ಒಂದು ಸಾಲು ಕೊಟ್ಟೆ. ಕಲಂಗಳು ಇವು: ಅಡುಗೆಯ ಹೆಸರು, ಪುಸ್ತಕದ ಪುಟ, ಅಜ್ಜಿ ಬರೆದದ್ದು ಇದ್ದ ಹಾಗೇ, ಇಂದಿನ ಗ್ರಾಂ, ಅನುಮಾನ. ಅಜ್ಜಿಯ ಅಳತೆಯನ್ನು ಅಳಿಸಿ ಗ್ರಾಂ ಹಾಕಬಾರದು, ಎರಡೂ ಪಕ್ಕಪಕ್ಕ ಇರಬೇಕು. ಮೊದಲ ಸಲ ನಾನು ಮಾಡಿದ ತಪ್ಪು ಇದೇ. ಬರೀ 466 ಎಂದು ಬರೆದಿದ್ದೆ. ಅಜ್ಜಿ ಇಲ್ಲದೆ ಹೋಗಿದ್ದರೆ ತಪ್ಪು ಎಲ್ಲಾಯಿತು ಅಂತ ಯಾರಿಗೂ ತಿಳಿಯುತ್ತಿರಲಿಲ್ಲ. ಓದಲಾಗದ ಕಡೆ ಊಹೆ ಮಾಡದೆ ಅನುಮಾನದ ಕಲಂನಲ್ಲಿ ಪ್ರಶ್ನೆಗುರುತು ಹಾಕಿದೆ. ಈಗಲೂ ಹನ್ನೊಂದು ಪ್ರಶ್ನೆಗುರುತು ಉಳಿದಿವೆ.

ಹುಡುಕುವುದರಲ್ಲೂ ಒಂದು ತೊಡಕಿತ್ತು. Ctrl+F ಒತ್ತಿ "ಜೀರಿಗೆ" ಎಂದು ಕೊಟ್ಟರೆ ಅರ್ಧ ಅಡುಗೆಗಳು ಸಿಗಲೇ ಇಲ್ಲ. ಅಜ್ಜಿ ಕೆಲವು ಕಡೆ "ಜೀರ್ಗೆ" ಎಂದು ಬರೆದಿದ್ದಾರೆ. ಕಂಪ್ಯೂಟರಿಗೆ ಅದು ಬೇರೆಯೇ ಪದ. ಹಾಗಂತ ಅಜ್ಜಿಯ ಮಾತನ್ನು ತಿದ್ದೋಕೆ ಮನಸ್ಸಾಗಲಿಲ್ಲ. ಅದಕ್ಕೆ "ಹುಡುಕುವ ಹೆಸರು" ಎಂದು ಇನ್ನೊಂದು ಕಲಂ ಮಾಡಿ ಅಲ್ಲಿ ಮಾತ್ರ ಎಲ್ಲ ಕಡೆಯೂ ಒಂದೇ ಥರ ಬರೆದೆ. ಇನ್ನೊಂದು ಎಚ್ಚರ. ಮೊದಲು ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದೆ. ಚಿಕ್ಕಪ್ಪನ ಫೋನಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಗೋಜಲು. ಯೂನಿಕೋಡಿನಲ್ಲಿ ಮತ್ತೆ ಟೈಪ್ ಮಾಡಿದ ಮೇಲೆ ಎಲ್ಲರ ಹತ್ತಿರವೂ ಸರಿಯಾಗಿ ಓದಲು ಬಂತು.

ಈಗ 43 ಅಡುಗೆ ಮುಗಿದಿವೆ. ದಸರಾ ರಜೆಗೆ ಅತ್ತೆ ಬಂದಾಗ ಆ ಹನ್ನೊಂದು ಪ್ರಶ್ನೆಗುರುತುಗಳನ್ನು ಅಜ್ಜಿಯ ಎದುರಿಗೇ ಕೂತು ಕೇಳುವುದೆಂದು ತೀರ್ಮಾನಿಸಿದ್ದೇವೆ. ಸ್ನೇಹಿತರೇ, ನಿಮ್ಮ ಮನೆಯಲ್ಲಿ ಹಳೇ ಪಾವು ಇದ್ದರೆ ಶನಿವಾರ ತನ್ನಿ. ನಮ್ಮ ಪಾವಿನ ಪಕ್ಕದಲ್ಲಿಟ್ಟು ನೀರು ಸುರಿದು, ಎಲ್ಲರ ಪಾವೂ ಒಂದೇನಾ ಅಂತ ನೋಡೋಣ.