ಪರದೆಯ ಮೇಲಿನ ಗೆರೆಗಳೂ ಕಪ್ಪು ಕಲೆಗಳೂ

ನಾವು ಪಾಠ ಹೇಳುವ ಕಾಲೇಜಿನ ವಿದ್ಯಾರ್ಥಿನಿಲಯದಲ್ಲಿ 43 ಅಂಗುಲದ ಎರಡು ಟೆಲಿವಿಷನ್‌ಗಳಿವೆ. ಕೆಲವು ತಿಂಗಳ ಹಿಂದೆ ಎರಡೂ ಒಂದರ ಹಿಂದೊಂದು ಕೆಟ್ಟವು. ಒಂದರ ಪರದೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಅಗಲವಾದ ಪಟ್ಟೆಯೊಂದು ಮೂಡಿತು. ಇನ್ನೊಂದರ ಎಡಭಾಗದಲ್ಲಿ ದುಂಡಗಿನ ಎರಡು ಮಬ್ಬು ಕಲೆಗಳು ಕಾಣಿಸಿದವು. ಪಟ್ಟೆಯಿದ್ದುದರಲ್ಲಿ ಉಳಿದ ಚಿತ್ರವೆಲ್ಲ ಚೆನ್ನಾಗಿಯೇ ಇದ್ದುದರಿಂದ ಅದು ಸಣ್ಣ ದೋಷವೆಂದೂ, ಕಲೆ ಬಿದ್ದುದರ ಪರದೆಯೇ ಹಾಳಾಯಿತೆಂದೂ ವಿದ್ಯಾರ್ಥಿಗಳು ತೀರ್ಮಾನಿಸಿದರು. ವಾಸ್ತವವಾಗಿ ಇದ್ದುದು ಇದಕ್ಕೆ ನೇರ ವಿರುದ್ಧ. ಅದು ಹೇಗೆಂಬುದನ್ನು ಈಗ ವಿಚಾರಿಸೋಣ.

ಎಲ್‌ಸಿಡಿ ಪರದೆಯಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ ಎಂಬುದನ್ನು ಮೊದಲು ನೆನಪಿಡಬೇಕು. ಹಿಂದೆ ಬೆಳಕನ್ನು ಕೊಡುವ ಎಲ್‌ಇಡಿ ದೀಪಗಳ ಸಾಲುಗಳಿವೆ. ಮುಂದೆ ಆ ಬೆಳಕನ್ನು ತಡೆಯುವ ಇಲ್ಲವೆ ಬಿಡುವ ಗಾಜಿನ ಫಲಕವಿದೆ. ಫಲಕದ ಎರಡು ಗಾಜುಗಳ ನಡುವೆ ದ್ರವಸ್ಫಟಿಕವಿದ್ದು, ಅದರ ಪ್ರತಿಯೊಂದು ಬಿಂದುವೂ ವಿದ್ಯುತ್ತಿನ ಒತ್ತಡಕ್ಕೆ ತಕ್ಕಂತೆ ತೆರೆದು ಮುಚ್ಚುವ ಪುಟ್ಟ ಕಿಟಕಿಯಂತೆ ವರ್ತಿಸುತ್ತದೆ. ದೀಪ ಕೆಟ್ಟರೆ ಕತ್ತಲೆ. ಕಿಟಕಿ ಕೆಟ್ಟರೆ ಗೆರೆ. ನಮ್ಮ ವಿಚಾರವೆಲ್ಲ ಈ ಒಂದು ಭೇದವನ್ನೇ ಆಧರಿಸಿದೆ.

ಮೊದಲು ಗೆರೆಯನ್ನು ನೋಡೋಣ. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಲಾಗಿ 1920 ಚಿತ್ರಬಿಂದುಗಳಿವೆ. ಒಂದೊಂದರಲ್ಲಿಯೂ ಕೆಂಪು, ಹಸುರು, ನೀಲಿ ಎಂಬ ಮೂರು ಕಿಟಕಿಗಳಿರುವುದರಿಂದ ಒಟ್ಟು ಕಂಬಸಾಲುಗಳು 5760. ಪ್ರತಿ ಸಾಲಿಗೂ ಒಂದೊಂದು ಸೂಕ್ಷ್ಮ ವಾಹಕವು ಗಾಜಿನ ಮೇಲೆ ಮೇಲಿನಿಂದ ಕೆಳಕ್ಕೆ ಹರಿದಿದೆ. ಇವುಗಳಿಗೆ ವಿದ್ಯುತ್ ಒತ್ತಡವನ್ನು ಒದಗಿಸುವ ಚಾಲಕ ಚಿಪ್ಪುಗಳು ಗಾಜಿನ ಅಂಚಿನಲ್ಲಿ, ತೆಳುವಾದ ಪ್ಲಾಸ್ಟಿಕ್ ಪಟ್ಟಿಗಳ ಮೇಲೆ ಕುಳಿತಿರುತ್ತವೆ. ಒಂದು ಚಿಪ್ಪು 960 ಸಾಲುಗಳನ್ನು ನಡೆಸುವುದಾದರೆ ಇಡೀ ಪರದೆಗೆ ಆರು ಚಿಪ್ಪುಗಳು ಸಾಕು.

ಆದುದರಿಂದ ಗೆರೆಯ ಅಗಲವೇ ದೋಷದ ಸ್ಥಾನವನ್ನು ಹೇಳುತ್ತದೆ. ಕೂದಲೆಳೆಯಷ್ಟು ಸಣ್ಣ ಗೆರೆಯಾದರೆ ಒಂದೇ ವಾಹಕದ ಸಂಪರ್ಕ ತಪ್ಪಿದೆ. ಬಿಳಿಯ ಚಿತ್ರದ ಮೇಲೆ ಆ ಗೆರೆ ನೇರಳೆಗೆಂಪಾಗಿ ಕಂಡರೆ ಅಲ್ಲಿ ಹಸುರು ಕಿಟಕಿಗಳು ಮುಚ್ಚಿಕೊಂಡಿವೆ ಎಂದು ತಿಳಿಯಬಹುದು. ಏಕೆಂದರೆ ಬಿಳಿಯಲ್ಲಿ ಹಸುರನ್ನು ಕಳೆದರೆ ಉಳಿಯುವುದು ಕೆಂಪು ಮತ್ತು ನೀಲಿಗಳ ಮಿಶ್ರಣವೇ. ಅರ್ಧ ಪರದೆಯೇ ಕೆಟ್ಟಿದ್ದರೆ, ಸಂಜ್ಞೆಗಳನ್ನು ಹಂಚುವ ಟಿ-ಕಾನ್ ಎಂಬ ಸಣ್ಣ ಬೋರ್ಡಿನ ಮೇಲೂ, ಅಲ್ಲಿಂದ ಆ ಭಾಗಕ್ಕೆ ಹೋಗುವ ಚಪ್ಪಟೆ ಕೇಬಲ್ಲಿನ ಮೇಲೂ ಮೊದಲು ಸಂಶಯಪಡಬೇಕು. ಇದು ಒಳ್ಳೆಯ ಸುದ್ದಿ. ಕೇಬಲ್ಲನ್ನು ತೆಗೆದು ಶುಚಿಮಾಡಿ ಸಿಕ್ಕಿಸುವುದಕ್ಕೂ ಬೋರ್ಡನ್ನು ಬದಲಿಸುವುದಕ್ಕೂ ಗಾಜಿನ ಗೊಡವೆ ಬೇಕಿಲ್ಲ.

ನಮ್ಮ ವಿದ್ಯಾರ್ಥಿನಿಲಯದ ಪಟ್ಟೆ ಈ ಎರಡರ ನಡುವಿನದು. 43 ಅಂಗುಲವೆಂಬುದು ಕರ್ಣದ ಅಳತೆ. ಪರದೆಯ ಅಗಲ ಸುಮಾರು 95 ಸೆಂಟಿಮೀಟರ್. ಪಟ್ಟೆಯನ್ನು ಅಳೆದಾಗ ಅದರ ಅಗಲ ಸುಮಾರು 16 ಸೆಂಟಿಮೀಟರ್ ಇತ್ತು; ಎಡ ಅಂಚಿನಿಂದ ಸುಮಾರು 48 ಸೆಂಟಿಮೀಟರ್ ದೂರದಲ್ಲಿ ಅದು ಆರಂಭವಾಗಿತ್ತು. 95ರ ಆರನೆಯ ಒಂದು ಭಾಗ 16ಕ್ಕೆ ಹತ್ತಿರ; ಮೂರು ಭಾಗಗಳು 48ಕ್ಕೆ ಹತ್ತಿರ. ಎಂದರೆ ನಾಲ್ಕನೆಯ ಚಾಲಕದ ಕ್ಷೇತ್ರವೇ ಅದು! ಟೆಲಿವಿಷನ್ನಿನ ಮೆನುವನ್ನು ತೆರೆದು ನೋಡಿದೆವು. ಪಟ್ಟೆ ಮೆನುವಿನ ಅಕ್ಷರಗಳನ್ನೂ ಕತ್ತರಿಸಿತು. ಮೆನು ಹುಟ್ಟುವುದು ಟೆಲಿವಿಷನ್ನಿನ ಒಳಗೇ ಆದುದರಿಂದ ತಪ್ಪು ಕೇಬಲ್ ಪೆಟ್ಟಿಗೆಯದಲ್ಲವೆಂದಾಯಿತು. ಬಳಿಕ, ಗಾಜನ್ನು ಮುಟ್ಟದೆ, ಪಟ್ಟೆಯ ನೇರದಲ್ಲಿರುವ ಚೌಕಟ್ಟನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಪಟ್ಟೆ ಮಿಣುಕಿ ಮಾಯವಾಯಿತು. ಬೆರಳು ತೆಗೆದೊಡನೆ ಮರಳಿ ಬಂದಿತು. ಚಿಪ್ಪು ಸತ್ತಿಲ್ಲ, ಅದರ ಅಂಟು ಸಡಿಲವಾಗಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹಾಗಾದರೆ ಬೆಸುಗೆ ಹಾಕಬಾರದೆ? ಇಲ್ಲಿ ಸಾಮಾನ್ಯ ಬೆಸುಗೆಯೇ ಇಲ್ಲ. ಪ್ಲಾಸ್ಟಿಕ್ ಪಟ್ಟಿಯನ್ನು ಗಾಜಿಗೆ ಕೂಡಿಸುವುದು ಒಂದು ವಿಶೇಷ ಅಂಟು. ಕೆಲವೇ ಮೈಕ್ರಾನ್ ಗಾತ್ರದ, ಲೋಹ ಲೇಪಿಸಿದ ಗೋಲಿಗಳು ಅದರಲ್ಲಿ ಹರಡಿರುತ್ತವೆ. ಶಾಖ ಕೊಟ್ಟು ಒತ್ತಿದಾಗ ಮೇಲಿನ ಮತ್ತು ಕೆಳಗಿನ ವಾಹಕಗಳ ನಡುವೆ ಸಿಕ್ಕ ಗೋಲಿಗಳು ಅವೆರಡನ್ನೂ ಕೂಡಿಸುತ್ತವೆ. ಅಕ್ಕಪಕ್ಕದ ಗೋಲಿಗಳು ಒಂದನ್ನೊಂದು ಮುಟ್ಟದ ಕಾರಣ ಪಕ್ಕದ ವಾಹಕಕ್ಕೆ ವಿದ್ಯುತ್ತು ಹರಿಯುವುದಿಲ್ಲ. ವರ್ಷಗಟ್ಟಲೆ ಕಾಯುತ್ತ ಆರುತ್ತ, ತೇವವನ್ನು ಹೀರುತ್ತ ಬಂದ ಅಂಟು ಬಿಡತೊಡಗುತ್ತದೆ. ಅದನ್ನು ಸರಿಯಾಗಿ ಪುನಃ ಕೂಡಿಸಲು ಸೂಕ್ಷ್ಮದರ್ಶಕವೂ, ಶಾಖ ಮತ್ತು ಒತ್ತಡಗಳನ್ನು ಅಳತೆಯಲ್ಲಿ ಕೊಡುವ ಯಂತ್ರವೂ ಬೇಕು. ಚೌಕಟ್ಟಿನೊಳಗೆ ರಬ್ಬರಿನ ತುಂಡನ್ನು ತುರುಕಿ ಒತ್ತಿಡುವ ಉಪಾಯವನ್ನು ಕೆಲವರು ಮಾಡುವುದುಂಟು. ಅದು ಅಂಟನ್ನು ಗುಣಪಡಿಸುವುದಿಲ್ಲ, ಕೆಲವು ದಿನ ಮರೆಮಾಚುತ್ತದೆ.

ಇನ್ನು ಕಪ್ಪು ಕಲೆಗೆ ಬರೋಣ. ಕೋಣೆಯನ್ನು ಕತ್ತಲು ಮಾಡಿ, ಟೆಲಿವಿಷನ್ನು ನಡೆಯುತ್ತಿರುವಾಗಲೇ ಮಬ್ಬಾದ ಭಾಗದ ಮೇಲೆ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟೆವು. ಅಲ್ಲಿ ಚಿತ್ರವು ಮಂದವಾಗಿ, ಆದರೆ ಸಂಪೂರ್ಣವಾಗಿ ಚಲಿಸುತ್ತಿತ್ತು. ಕಿಟಕಿಗಳು ಕೆಲಸಮಾಡುತ್ತಿವೆ, ಹಿಂದೆ ದೀಪವಿಲ್ಲ ಎಂದು ಇದರ ಅರ್ಥ.

ಆದರೆ ಎರಡೇ ದೀಪಗಳು ಏಕೆ ಆರಿದವು? ದೀಪಗಳನ್ನು ಸರಣಿಯಲ್ಲಿ ಜೋಡಿಸಿರುತ್ತಾರೆ. ಒಂದೊಂದಕ್ಕೆ ಸುಮಾರು 3 ವೋಲ್ಟ್ ಎಂದರೆ ಎಂಟು ದೀಪಗಳ ಪಟ್ಟಿಗೆ 24 ವೋಲ್ಟ್. ಒಂದು ದೀಪ ಒಡೆದು ಮಂಡಲ ತೆರೆದುಕೊಂಡರೆ ಸರಣಿಯೆಲ್ಲ ಆರಬೇಕು. ಆಗ ಎಷ್ಟೋ ಸಲ ರಕ್ಷಣಾ ಮಂಡಲವು ಎಲ್ಲ ದೀಪಗಳನ್ನೂ ಆರಿಸಿ, ಧ್ವನಿ ಮಾತ್ರ ಉಳಿಯುತ್ತದೆ. ಒಂದು ದೀಪ ಒಳಗೇ ಹ್ರಸ್ವಮಂಡಲವಾದರೆ ವಿದ್ಯುತ್ತು ಅದರ ಮೂಲಕ ಹಾದುಹೋಗುತ್ತದೆ; ಅದೊಂದು ಆರಿ ಉಳಿದವು ಬೆಳಗುತ್ತವೆ. ನಮ್ಮ ಎರಡು ಕಲೆಗಳು ಇಂಥವೇ. ಇದರ ಪರಿಹಾರ ದೀಪದ ಪಟ್ಟಿಗಳನ್ನು ಬದಲಿಸುವುದು. ಎಲ್ಲವೂ ಸಮವಯಸ್ಸಿನವಾದುದರಿಂದ ಪೂರ್ಣ ಜೊತೆಯನ್ನೇ ಬದಲಿಸುವುದು ಲೇಸು. ಹಿಂಬೆಳಕಿನ ತೀವ್ರತೆಯನ್ನು ಕಡಿಮೆ ಇಟ್ಟರೆ ಹೊಸವು ಹೆಚ್ಚು ಬಾಳುತ್ತವೆ. ಗಾಜನ್ನು ಎತ್ತುವಾಗ ಅದರ ಅಂಚಿನ ಪಟ್ಟಿಗಳು ಹರಿಯುವ ಅಪಾಯವೂ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುವ ಅಪಾಯವೂ ಇರುವುದರಿಂದ ಇದು ಅನುಭವಸ್ಥರ ಕೆಲಸ.

ಟಾರ್ಚು ಹಿಡಿದರೂ ಚಿತ್ರ ಕಾಣದಿದ್ದರೆ? ಶಾಯಿ ಚೆಲ್ಲಿದಂತೆ ಅಂಚು ಸ್ಪಷ್ಟವಾಗಿದ್ದು, ಅದರಿಂದ ಬಿರುಕಿನಂಥ ಗೆರೆಗಳು ಹೊರಟಿದ್ದರೆ ಗಾಜು ಒಡೆದಿದೆ. ಅದಕ್ಕೆ ಫಲಕವನ್ನು ಬದಲಿಸುವುದೊಂದೇ ದಾರಿ. ಫಲಕವೇ ಟೆಲಿವಿಷನ್ನಿನಲ್ಲಿ ಅತ್ಯಂತ ದುಬಾರಿಯಾದ ಅಂಗ.

ಕೊನೆಗೆ ಲೆಕ್ಕ. ಹೊಸ ಟೆಲಿವಿಷನ್ನಿಗೆ 24,000 ರೂಪಾಯಿ, ಆಯುಸ್ಸು 8 ವರ್ಷ ಎಂದಿಟ್ಟುಕೊಂಡರೆ ವರ್ಷಕ್ಕೆ ಬೀಳುವುದು 3,000 ರೂಪಾಯಿ. ದೀಪ ಬದಲಿಸಲು 3,600 ರೂಪಾಯಿ ತಗುಲಿ ಅದು 3 ವರ್ಷ ನಡೆದರೆ ವರ್ಷಕ್ಕೆ 1,200 ಮಾತ್ರ. ಪಟ್ಟೆಯ ದುರಸ್ತಿಗೆ 5,000 ಕೊಟ್ಟು ಅದು ಆರು ತಿಂಗಳು ಮಾತ್ರ ನಿಂತರೆ ವರ್ಷಕ್ಕೆ 10,000 ಆಗುತ್ತದೆ. ಓದುಗರು ತಮ್ಮ ಊರಿನ ಬೆಲೆಗಳನ್ನು ಹಾಕಿ ಇದೇ ಭಾಗಾಕಾರವನ್ನು ಮಾಡಬಹುದು. ನಾವು ಕಲೆಯ ಟೆಲಿವಿಷನ್ನಿಗೆ ದೀಪ ಹಾಕಿಸಿದೆವು. ಅದು ಈಗಲೂ ಬೆಳಗುತ್ತಿದೆ. ಪಟ್ಟೆಯದನ್ನು ದುರಸ್ತಿಗೆ ಕೊಡಲಿಲ್ಲ. ಇದ್ದಷ್ಟು ದಿನ ಅದು ಹಾಗೆಯೇ ನಡೆಯಲಿ ಎಂದು, ಸುದ್ದಿ ಕೇಳುವುದಕ್ಕಾಗಿ ಊಟದ ಕೋಣೆಯಲ್ಲಿ ಇಟ್ಟಿದ್ದೇವೆ.