ಸೀಟಿ ಊದುವವರು ಯಾರು?

2016ರ ಮೇ 2ರ ರಾತ್ರಿ ಲಂಡನ್ನಿನ ಸ್ಟ್ಯಾಂಫರ್ಡ್ ಬ್ರಿಜ್ ಮೈದಾನದಲ್ಲಿ ಚೆಲ್ಸಿ ಮತ್ತು ಟಾಟನ್‌ಹ್ಯಾಮ್ ತಂಡಗಳು ಎದುರಾದವು. ಗೆದ್ದರಷ್ಟೇ ಟಾಟನ್‌ಹ್ಯಾಮ್‌ಗೆ ಪ್ರೀಮಿಯರ್ ಲೀಗ್ ಪ್ರಶಸ್ತಿಯ ಆಸೆ. ವಿರಾಮದ ಹೊತ್ತಿಗೆ 2–0 ಮುಂದಿದ್ದ ತಂಡ ಆಮೇಲೆ ಎರಡು ಗೋಲು ಬಿಟ್ಟುಕೊಟ್ಟಿತು. ಪಂದ್ಯ 2–2ರಲ್ಲಿ ಮುಗಿದು, ಆಡದೆಯೇ ಲೆಸ್ಟರ್ ಚಾಂಪಿಯನ್ ಆಯಿತು. ಅಷ್ಟರೊಳಗೆ ಟಾಟನ್‌ಹ್ಯಾಮ್‌ನ ಒಂಬತ್ತು ಮಂದಿಗೆ, ಚೆಲ್ಸಿಯ ಮೂವರಿಗೆ ಹಳದಿ ಕಾರ್ಡ್ ಬಿದ್ದಿತ್ತು. ಕೆಂಪು ಒಂದೂ ಇರಲಿಲ್ಲ.

ಯಾರು ಗೆಲ್ಲುತ್ತಾರೆ ಎಂಬುದರ ಮೇಲಷ್ಟೇ ಅಲ್ಲ, ಪಂದ್ಯದಲ್ಲಿ ಒಟ್ಟು ಎಷ್ಟು ಕಾರ್ಡ್, ಎಷ್ಟು ಕಾರ್ನರ್ ಎಂಬುದರ ಮೇಲೂ ಬ್ರಿಟನ್ನಿನಲ್ಲಿ ಬಾಜಿ ಕಟ್ಟುತ್ತಾರೆ. ಅಲ್ಲಿ ಅದಕ್ಕೆ ಕಾನೂನಿನ ಒಪ್ಪಿಗೆ ಇದೆ. ನಮ್ಮಲ್ಲಿ 2025ರ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಬುಕ್ಕಿ 4.5 ಎಂಬಂಥ ಒಂದು ಗೆರೆ ಹಾಕುತ್ತಾನೆ. ಐದು ಕಾರ್ಡ್ ಬಂದರೆ ಗೆರೆಯ ಮೇಲೆ, ನಾಲ್ಕಾದರೆ ಕೆಳಗೆ. ಇನ್ನೊಂದು ಲೆಕ್ಕದಲ್ಲಿ ಹಳದಿಗೆ 10 ಅಂಕ, ಕೆಂಪಿಗೆ 25. ಆ ರಾತ್ರಿಯ ಮೊತ್ತ 120.

ಅಂದಿನ ರೆಫರಿ ಮಾರ್ಕ್ ಕ್ಲಾಟನ್‌ಬರ್ಗ್ ಮುಂದಿನ ವರ್ಷ ಹೇಳಿದ ಮಾತು ದೊಡ್ಡ ಚರ್ಚೆಗೆ ಕಾರಣವಾಯಿತು. ಮೂವರು ಟಾಟನ್‌ಹ್ಯಾಮ್ ಆಟಗಾರರನ್ನು ಹೊರಗೆ ಕಳಿಸಬಹುದಿತ್ತು. ಹಾಗೆ ಮಾಡಿದ್ದರೆ ಪ್ರಶಸ್ತಿ ಕಳೆದುಕೊಂಡ ದೂರು ತನ್ನ ತಲೆಗೆ ಬರುತ್ತಿತ್ತು. ಆದ್ದರಿಂದ ಅವರನ್ನು ಅವರ ಪಾಡಿಗೆ ಬಿಟ್ಟೆ ಎಂಬುದು ಅವರ ವಿವರಣೆ. ಮೂರು ಹಳದಿಗಳ ಜಾಗದಲ್ಲಿ ನೇರ ಕೆಂಪು ಬಂದಿದ್ದರೆ ಮೊತ್ತ 165 ಆಗುತ್ತಿತ್ತು. ಅದೇ ಆಟಗಾರರು, ಅವೇ ಒದೆತಗಳು. ಬದಲಾಗುತ್ತಿದ್ದುದು ಒಬ್ಬನ ತೀರ್ಮಾನ ಮಾತ್ರ. ರೆಫರಿಯ ಹೆಸರಿಗೆ ಇಷ್ಟು ಬೆಲೆ ಬರುವುದು ಇದಕ್ಕೇ.

ಫೌಲ್ ಮಾಡುವವರು ಆಟಗಾರರು. ಅದನ್ನು ಕಾರ್ಡ್ ಆಗಿಸುವುದೋ, ಮಾತಿನಲ್ಲಿ ಎಚ್ಚರಿಸಿ ಬಿಡುವುದೋ ರೆಫರಿಗೆ ಬಿಟ್ಟದ್ದು. ಕೆಲವರು ಮೊದಲ ಹದಿನೈದು ನಿಮಿಷದಲ್ಲೇ ಜೇಬಿಗೆ ಕೈ ಹಾಕುತ್ತಾರೆ, ಕೆಲವರು ಕೊನೆವರೆಗೂ ತಡೆಯುತ್ತಾರೆ. ಇಂಗ್ಲೆಂಡಿನಲ್ಲಿ ಯಾವ ಪಂದ್ಯಕ್ಕೆ ಯಾರು ಎಂಬುದು ಸಾಮಾನ್ಯವಾಗಿ ಕೆಲವು ದಿನ ಮೊದಲೇ ಪ್ರಕಟವಾಗುತ್ತದೆ. ಪ್ರಕಟಣೆ ಬಂದೊಡನೆ ಬುಕ್ಕಿಗಳೂ ದರ ತಿದ್ದಿಕೊಳ್ಳುತ್ತಾರೆ. ಹಾಗಾಗಿ ಎಲ್ಲರಿಗೂ ಗೊತ್ತಾದ ಕಟ್ಟುನಿಟ್ಟಿನ ರೆಫರಿಯಿಂದ ಯಾರಿಗೂ ವಿಶೇಷ ಲಾಭ ಉಳಿಯುವುದಿಲ್ಲ.

ಜನ ಎಡವುವುದು ಸರಾಸರಿಯಲ್ಲಿ. ಒಂದು ಲೆಕ್ಕ ಊಹಿಸಿಕೊಳ್ಳಿ: ಒಬ್ಬ ರೆಫರಿ ಹತ್ತು ಪಂದ್ಯಗಳಲ್ಲಿ ಸರಾಸರಿ 5 ಕಾರ್ಡ್ ತೋರಿಸಿದ್ದಾನೆ, ಲೀಗಿನ ಸರಾಸರಿ 4. ನೋಡಿದೊಡನೆ ‘ಒಂದು ಕಾರ್ಡ್ ಜಾಸ್ತಿ’ ಅನಿಸುತ್ತದೆ. ಆದರೆ ಕಾವೇರಿದ ಪಂದ್ಯಗಳನ್ನು ಅನುಭವಿಗಳಿಗೇ ಕೊಡುವುದು ವಾಡಿಕೆ. ಅವನಿಗೆ ಸಿಕ್ಕ ತಂಡಗಳ ಸ್ವಭಾವ ನೋಡಿದರೆ ಯಾರೇ ಸೀಟಿ ಊದಿದ್ದರೂ 4.6 ಬರಬಹುದಿತ್ತು ಎನ್ನಿ. ಆಗ ಅವನ ಪಾಲಿನದು 0.4. ಹತ್ತೇ ಪಂದ್ಯವಾದ್ದರಿಂದ ಅದರಲ್ಲೂ ಒಂದಷ್ಟು ಆಕಸ್ಮಿಕ. ಅರ್ಧ ಕಳೆದು 0.2 ಎಂದಿಟ್ಟುಕೊಳ್ಳುವುದು ಜಾಣತನ. ಒಂದು ಕಾರ್ಡ್ ಎಂದು ಕಂಡದ್ದು ಐದನೇ ಒಂದು ಭಾಗಕ್ಕೆ ಇಳಿಯಿತು. ಒಂದೇ ಒಂದು ಗಲಾಟೆಯ ಪಂದ್ಯವೂ ಇಂಥ ಸರಾಸರಿಯನ್ನು ಎತ್ತಿಬಿಡುತ್ತದೆ, ಏಕೆಂದರೆ ಕಾರ್ಡ್‌ಗಳು ಒಂದರ ಹಿಂದೊಂದು ಗುಂಪಾಗಿ ಬರುತ್ತವೆ: ತಳ್ಳಾಟವೊಂದಕ್ಕೆ ಎರಡೂ ಕಡೆಯವರಿಗೆ ಕಾರ್ಡ್, ಪ್ರತಿಭಟಿಸಿದವನಿಗೆ ಮತ್ತೊಂದು.

ಕಾರ್ನರ್‌ಗಳ ಕಥೆ ಬೇರೆ. ಪ್ರೀಮಿಯರ್ ಲೀಗಿನಲ್ಲಿ ಪಂದ್ಯಕ್ಕೆ ಸುಮಾರು ಹತ್ತು ಕಾರ್ನರ್ ಸಾಮಾನ್ಯ. ಚೆಂಡು ಹೆಚ್ಚು ಹೊತ್ತು ಕಾಲಲ್ಲಿದ್ದ ಮಾತ್ರಕ್ಕೆ ಅವು ಹೆಚ್ಚುವುದಿಲ್ಲ. ಅಂಚಿನಿಂದ ಬಂದ ಕ್ರಾಸ್ ರಕ್ಷಕನ ಕಾಲಿಗೆ ತಾಗಬೇಕು, ಹೊಡೆತವನ್ನು ಗೋಲ್‌ಕೀಪರ್ ಬೆರಳ ತುದಿಯಿಂದ ಹೊರಗೆ ತಳ್ಳಬೇಕು. ನಡುವಿನಿಂದಲೇ ಸಣ್ಣ ಪಾಸ್‌ಗಳಲ್ಲಿ ನುಗ್ಗುವ ತಂಡಕ್ಕಿಂತ ಅಂಚಿನಿಂದ ಆಡುವ ತಂಡಕ್ಕೆ ಕಾರ್ನರ್ ಜಾಸ್ತಿ. ಅದಕ್ಕಿಂತ ದೊಡ್ಡ ಕಾರಣ ಸ್ಕೋರು. ಬಲಾಢ್ಯ ತಂಡ ತವರಿನಲ್ಲಿ 0–1 ಹಿಂದಿದ್ದರೆ ಕೊನೆಯ ಅರ್ಧಗಂಟೆ ಎದುರಾಳಿಯ ಪೆಟ್ಟಿಗೆಯ ಮುಂದೆಯೇ ಬೀಡುಬಿಡುತ್ತದೆ, ಕಾರ್ನರ್‌ಗಳು ಸಾಲುಗಟ್ಟುತ್ತವೆ. ಅದೇ ತಂಡ ಇಪ್ಪತ್ತನೇ ನಿಮಿಷಕ್ಕೆ 2–0 ಮಾಡಿಕೊಂಡರೆ ಆತುರವೇ ಹೋಗುತ್ತದೆ. ಬಲಾಢ್ಯರ ಪಂದ್ಯ ಎಂದೊಡನೆ ಕಾರ್ನರ್ ಜಾಸ್ತಿ ಎಂದು ನಂಬಿದವರು ಮೋಸಹೋಗುವುದು ಇಲ್ಲೇ.

ಇಲ್ಲಿ ರೆಫರಿಯ ಕೈವಾಡ ತೀರಾ ಕಡಿಮೆ. ಚೆಂಡು ಕೊನೆಗೆ ಯಾರಿಗೆ ತಾಗಿತು ಎಂಬುದರಲ್ಲಿ ಅಭಿಪ್ರಾಯಕ್ಕೆ ಹೆಚ್ಚು ಜಾಗವಿಲ್ಲ. ಆದರೆ 2025–26ರ ಋತುವಿನಿಂದ ಸಣ್ಣ ಬದಲಾವಣೆಯೊಂದು ಬಂದಿದೆ. ಗೋಲ್‌ಕೀಪರ್ ಚೆಂಡನ್ನು ಕೈಯಲ್ಲಿ ಎಂಟು ಸೆಕೆಂಡಿಗಿಂತ ಹೆಚ್ಚು ಇಟ್ಟುಕೊಂಡರೆ ಎದುರಾಳಿಗೆ ಕಾರ್ನರ್. ಹಿಂದೆ ಆರು ಸೆಕೆಂಡಿನ ಮಿತಿಯೂ ಪರೋಕ್ಷ ಫ್ರೀ ಕಿಕ್ಕಿನ ಶಿಕ್ಷೆಯೂ ಇದ್ದವು, ಅದನ್ನು ಜಾರಿಗೆ ತರುವವರು ಮಾತ್ರ ಅಪರೂಪ. ಈಗ ಕೊನೆಯ ಐದು ಸೆಕೆಂಡುಗಳನ್ನು ರೆಫರಿ ಕೈಯೆತ್ತಿ, ಬೆರಳು ಮಡಚುತ್ತ ಎಲ್ಲರಿಗೂ ಕಾಣುವಂತೆ ಎಣಿಸುತ್ತಾನೆ. ಎಣಿಕೆಯನ್ನು ಯಾವಾಗ ಶುರುಮಾಡಬೇಕು ಎಂಬುದು ಮಾತ್ರ ಅವನಿಗೇ ಬಿಟ್ಟದ್ದು.