ಮುಂದಿನ ಸೂಜಿ ಯಾವತ್ತು?

ಮಗು ಹುಟ್ಟುತ್ತಿದ್ದಂತೆ ಅದರ ಲಸಿಕೆಗಳ ಲೆಕ್ಕ ಶುರುವಾಗುತ್ತದೆ. ಆಸ್ಪತ್ರೆಯಿಂದ ಮನೆಗೆ ಹೊರಡುವ ಮೊದಲೇ ಬಿಸಿಜಿ, ಹೆಪಟೈಟಿಸ್ ಬಿ ಮತ್ತು ಪೋಲಿಯೊ ಹನಿ ಆಗಿರುತ್ತದೆ. ಆಮೇಲೆ 6, 10 ಮತ್ತು 14 ವಾರಕ್ಕೆ ಪೆಂಟಾ, ಪೋಲಿಯೊ, ರೋಟಾ. 9 ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ. 16ರಿಂದ 24 ತಿಂಗಳೊಳಗೆ ಅದರ ಎರಡನೆಯ ಡೋಸ್, ಜೊತೆಗೆ ಡಿಪಿಟಿ ಬೂಸ್ಟರ್. ತಾಯಿ ಕಾರ್ಡಿನಲ್ಲಿ ಇದೆಲ್ಲ ಅಚ್ಚಾಗಿರುತ್ತದೆ. ಹುಟ್ಟಿದ ದಿನಕ್ಕೆ 42, 70, 98 ದಿನ ಕೂಡಿಸಿದರೆ ಮೊದಲ ಮೂರು ಭೇಟಿಯ ದಿನಾಂಕ ಸಿಗುತ್ತದೆ, ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ ಸಾಕು ಎಂದು ತುಂಬ ಮನೆಗಳಲ್ಲಿ ಅಂದುಕೊಳ್ಳುತ್ತಾರೆ.

ಎಲ್ಲ ಡೋಸೂ ಸಮಯಕ್ಕೆ ಸರಿಯಾಗಿ ಬಿದ್ದರೆ ಅದು ಸಾಕು ನಿಜ. ಒಂದು ಡೋಸ್ ತಡವಾಯಿತೆಂದರೆ ಮಾತ್ರ ಆ ಗುರುತುಗಳು ತಪ್ಪು ದಾರಿ ತೋರಿಸತೊಡಗುತ್ತವೆ.

ಒಂದು ಮಗುವನ್ನು ಊಹಿಸಿಕೊಳ್ಳೋಣ. ಹುಟ್ಟಿದ್ದು 10 ಮಾರ್ಚ್ 2025. ಹುಟ್ಟಿದ ದಿನದಿಂದ ಎಣಿಸಿದರೆ ಪೆಂಟಾ ಮೊದಲ ಡೋಸ್ 21 ಏಪ್ರಿಲ್, ಎರಡನೆಯದು 19 ಮೇ, ಮೂರನೆಯದು 16 ಜೂನ್. ಬಾಣಂತಿ ತವರಿನಲ್ಲಿದ್ದಳು, ಕೂಸಿಗೆ ನೆಗಡಿಯಾಗಿತ್ತು, 'ಈಗ ಸೂಜಿ ಬೇಡ, ವಾಸಿಯಾಗಲಿ' ಎಂದು ಅಜ್ಜಿ ತಡೆದರು. (ಸಾಮಾನ್ಯ ನೆಗಡಿ, ಸ್ವಲ್ಪ ಮೈ ಬಿಸಿ ಇದ್ದರೆ ಲಸಿಕೆ ಮುಂದೂಡಬೇಕಿಲ್ಲ. ಆದರೂ ತಡವಾಗುವುದು ಹೆಚ್ಚಾಗಿ ಈ ಕಾರಣಕ್ಕೇ.) ಕೊನೆಗೆ ಮೊದಲ ಡೋಸ್ ಬಿದ್ದದ್ದು 15 ಮೇ, ಗುರುವಾರ. ಕ್ಯಾಲೆಂಡರಿನಲ್ಲಿ 19 ಮೇ ಎಂಬ ಹಳೆಯ ಗುರುತು ಹಾಗೇ ಇದೆ. ಅದನ್ನು ನಂಬಿ ಹೋದರೆ ಮೊದಲ ಡೋಸ್ ಆದ ನಾಲ್ಕೇ ದಿನಕ್ಕೆ ಎರಡನೆಯದು!

ಪೆಂಟಾದ ಎರಡು ಡೋಸ್‌ಗಳ ನಡುವೆ ಕನಿಷ್ಠ 4 ವಾರ ಇರಲೇಬೇಕು. ಮೊದಲ ಡೋಸ್ ದೇಹಕ್ಕೆ ಶತ್ರುವಿನ ಗುರುತು ಹಿಡಿಸುತ್ತದೆ. ಆ ನೆನಪು ಗಟ್ಟಿಯಾಗುವ ಮೊದಲೇ ಎರಡನೆಯದು ಬಿದ್ದರೆ ಅದರ ಪರಿಣಾಮ ಕಡಿಮೆಯಾಗುತ್ತದೆ. ಹಾಗೆ ತೀರ ಬೇಗ ಬಿದ್ದ ಡೋಸ್ ಲೆಕ್ಕಕ್ಕೆ ಬಾರದೆ ಮತ್ತೊಮ್ಮೆ ಚುಚ್ಚಬೇಕಾಗಬಹುದು. ತಡವಾದರೆ ಹಾಗಲ್ಲ. ಒಮ್ಮೆ ಮೂಡಿದ ನೆನಪು ಕೆಲವು ವಾರ ಹೆಚ್ಚಾದ ಮಾತ್ರಕ್ಕೆ ಅಳಿಯುವುದಿಲ್ಲ, ಆದ್ದರಿಂದ ಮೊದಲಿಂದ ಶುರು ಮಾಡಬೇಕಿಲ್ಲ. ನಿಂತಲ್ಲಿಂದ ಮುಂದುವರಿಸಿದರಾಯಿತು. ಆದರೆ ಆ ಮಧ್ಯದ ಅಷ್ಟೂ ದಿನ ಮಗುವಿಗೆ ನಾಯಿಕೆಮ್ಮು, ಗಂಟಲಮಾರಿಯಿಂದ ಪೂರ್ತಿ ರಕ್ಷಣೆ ಇರುವುದಿಲ್ಲ. ತಡದ ನಷ್ಟ ಇರುವುದು ಅಲ್ಲಿ.

ಹಾಗಾಗಿ ಮುಂದಿನ ದಿನಾಂಕಕ್ಕೆ ಎರಡು ಶರತ್ತು. ಮಗುವಿಗೆ ನಿಗದಿಯಾದ ವಯಸ್ಸು ತುಂಬಿರಬೇಕು, ಹಿಂದಿನ ಡೋಸ್ ಆಗಿ ನಿಗದಿಯಾದ ಅಂತರವೂ ಕಳೆದಿರಬೇಕು. ಈ ಎರಡರಲ್ಲಿ ಯಾವ ದಿನ ಆಮೇಲೆ ಬರುತ್ತದೋ ಅದೇ ನಿಜವಾದ ದಿನ. ಫೋನಿನಲ್ಲಿ ಸಿಗುವ ಯಾವ ಸ್ಪ್ರೆಡ್‌ಶೀಟ್ ಆದರೂ ಈ ಲೆಕ್ಕ ಮಾಡಿಕೊಡುತ್ತದೆ. ಮೊದಲ ಕಾಲಮ್ಮಿನಲ್ಲಿ ಹೆಸರು, B ಕಾಲಮ್ಮಿನಲ್ಲಿ ಹುಟ್ಟಿದ ದಿನ, C ಕಾಲಮ್ಮಿನಲ್ಲಿ ಮುಂದೆ ಆಗಬೇಕಾದ ಡೋಸ್, D ಕಾಲಮ್ಮಿನಲ್ಲಿ ಹಿಂದಿನ ಡೋಸ್ ನಿಜವಾಗಿ ಬಿದ್ದ ದಿನ ಬರೆದುಕೊಳ್ಳಿ. ಎರಡನೆಯ ಪೆಂಟಾಕ್ಕೆ ಸೂತ್ರ ಹೀಗೆ:

```
=IF(D2="","",MAX(B2+70,D2+28))
```

`MAX` ಎಂದರೆ ಎರಡರಲ್ಲಿ ದೊಡ್ಡದು, ದಿನಾಂಕಗಳ ಮಟ್ಟಿಗೆ ಆಮೇಲಿನದು. ನಮ್ಮ ಮಗುವಿನ ವಿಷಯದಲ್ಲಿ ಒಂದು ಕಡೆ 19 ಮೇ, ಇನ್ನೊಂದು ಕಡೆ 15 ಮೇಗೆ 28 ದಿನ ಸೇರಿಸಿದ 12 ಜೂನ್. ಉತ್ತರ 12 ಜೂನ್. ಆ ವಾರ ಮನೆಯಲ್ಲಿ ಏನೋ ಅಡಚಣೆಯಾಗಿ ಎರಡನೆಯ ಡೋಸ್ 19 ಜೂನ್‌ಗೆ ಬಿತ್ತು ಅನ್ನಿ. ಮೂರನೆಯದರ ಸಾಲಿನಲ್ಲಿ 70ರ ಬದಲು 98 ಇರುತ್ತದೆ. ವಯಸ್ಸಿನ ಲೆಕ್ಕದ 16 ಜೂನ್ ಆಗಲೇ ಕಳೆದಿದೆ, ಅಂತರದ ಲೆಕ್ಕ 17 ಜುಲೈ ಎನ್ನುತ್ತದೆ. ಹೋಗಬೇಕಾದದ್ದು ಆ ದಿನ.

ಇಲ್ಲಿ 28 ದಿನ ಎಂದು ಬರೆದೆನೇ ಹೊರತು ಒಂದು ತಿಂಗಳು ಎನ್ನಲಿಲ್ಲ. 15 ಮೇಗೆ ಒಂದು ತಿಂಗಳು ಸೇರಿಸಿದರೆ 15 ಜೂನ್, ಭಾನುವಾರ. 28 ದಿನ ಸೇರಿಸಿದರೆ ವಾರ ಬದಲಾಗುವುದಿಲ್ಲ, ಗುರುವಾರದ ಮುಂದಿನ ಡೋಸ್ ಗುರುವಾರಕ್ಕೇ ಬರುತ್ತದೆ. ನಮ್ಮ ಕಡೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಗುರುವಾರವೇ ಲಸಿಕೆಯ ದಿನವಾದ್ದರಿಂದ ಇದು ಬಲು ಅನುಕೂಲ. ದಿನಾಂಕ ಬೇರೆ ವಾರಕ್ಕೆ ಬಿದ್ದರೆ ಅದರ ಮುಂದಿನ ಗುರುವಾರ ಹೋಗಿ, ಹಿಂದಿನ ಗುರುವಾರ ಬೇಡ.

ಒಂದು ಲಸಿಕೆ ತಡವಾಯಿತೆಂದು ಇಡೀ ಪಟ್ಟಿಯನ್ನು ಅಷ್ಟೇ ದಿನ ಮುಂದಕ್ಕೆ ತಳ್ಳುವವರಿದ್ದಾರೆ. ಅದೂ ತಪ್ಪೇ. ದಡಾರ-ರುಬೆಲ್ಲಾ ಲಸಿಕೆಗೆ ಪೆಂಟಾ ತಡವಾದದ್ದು ಲೆಕ್ಕಕ್ಕಿಲ್ಲ. ತಾಯಿಯಿಂದ ಬಂದ ರಕ್ಷಕ ಅಂಶಗಳು ಮಗುವಿನ ರಕ್ತದಲ್ಲಿ ಇಳಿದ ಮೇಲೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಅದಕ್ಕೇ 9 ತಿಂಗಳ ನಿಯಮ. ನಮ್ಮ ಮಗುವಿಗೆ ಅದು 10 ಡಿಸೆಂಬರ್ 2025, ಪೆಂಟಾ ಎಷ್ಟೇ ಜಾರಿರಲಿ. ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆಯ ಮೊದಲ ಎರಡು ಡೋಸ್‌ಗಳ ನಡುವೆ ಬೇಕಾದದ್ದು 8 ವಾರ, 4 ಅಲ್ಲ. ಆದ್ದರಿಂದ ಒಂದೊಂದು ಲಸಿಕೆಗೂ ಒಂದೊಂದು ಸಾಲು ಬೇಕು, ಅದರದೇ ವಯಸ್ಸು, ಅದರದೇ ಅಂತರ. ಕೆಲವಕ್ಕೆ ಕೊನೆಯ ಗಡುವೂ ಉಂಟು. ಸರ್ಕಾರಿ ಕಾರ್ಯಕ್ರಮದಲ್ಲಿ ಬಿಸಿಜಿ ಕೊಡುವುದು ಒಂದು ವರ್ಷದ ಒಳಗೆ. ರೋಟಾದ ಮೊದಲ ಡೋಸ್ ಕೂಡ ಅಷ್ಟರೊಳಗೆ ಆಗಿರಬೇಕು. ಆ ಗಡುವಿಗೂ ಒಂದು ಕಾಲಮ್ ಇಟ್ಟರೆ ಒಳ್ಳೆಯದು.

ಸೂತ್ರದ ಮೊದಲಿಗೆ ಇರುವ `IF(D2="","",` ಎಂಬ ತುಂಡನ್ನು ಬಿಡಬೇಡಿ. D ಖಾಲಿ ಇದ್ದರೆ ಸ್ಪ್ರೆಡ್‌ಶೀಟ್ ಅದನ್ನು ಸೊನ್ನೆ ಎಂದು ಓದುತ್ತದೆ, ಆಗ `MAX` ಸದ್ದಿಲ್ಲದೆ 19 ಮೇ ಎಂದು ಉತ್ತರಿಸುತ್ತದೆ. ಮೊದಲ ಡೋಸೇ ಆಗದ ಮಗುವಿಗೆ ಎರಡನೆಯ ಡೋಸಿನ ದಿನಾಂಕ ಎದುರಿಗೆ ಬರುತ್ತದೆ. ನೋಡಲು ದಿನಾಂಕ ಸರಿಯಾಗಿಯೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಇದಕ್ಕಿಂತ ಹೆಚ್ಚಾಗಿ ಆಗುವ ತಪ್ಪು ದಿನಾಂಕ ಬರೆಯುವ ಕ್ರಮದ್ದು. ನಾವು 5/6/2025 ಎಂದರೆ ಜೂನ್ 5. ಅಮೆರಿಕದ ಕ್ರಮದಲ್ಲಿ ಅದು ಮೇ 6. ಶೀಟ್ ಆ ಕ್ರಮದಲ್ಲಿದ್ದರೆ ಮುಂದಿನ ಡೋಸ್ ಒಂದು ತಿಂಗಳು ಮುಂಚೆಯೇ ಬಂದು ಕೂರುತ್ತದೆ. ಪತ್ತೆ ಹಚ್ಚಲು ಸುಲಭದ ಉಪಾಯವಿದೆ. 15/5/2025 ಎಂದು ಬರೆದು ನೋಡಿ. ಹದಿನೈದನೆಯ ತಿಂಗಳು ಇಲ್ಲದ್ದರಿಂದ ಅಮೆರಿಕದ ಕ್ರಮದ ಶೀಟ್ ಅದನ್ನು ದಿನಾಂಕವೆಂದು ಒಪ್ಪದೆ ಬರಿಯ ಅಕ್ಷರದಂತೆ ಎಡಕ್ಕೆ ಸರಿಸಿ ಇಡುತ್ತದೆ. ದಿನಾಂಕವೆಂದು ಒಪ್ಪಿದರೆ ಅದು ಬಲಕ್ಕೆ ನಿಲ್ಲುತ್ತದೆ. ಎಡಕ್ಕೆ ನಿಂತರೆ ಸೆಟ್ಟಿಂಗ್ಸ್‌ನಲ್ಲಿ `Locale` ಎಂಬುದನ್ನು `India` ಮಾಡಿಕೊಳ್ಳಿ. ಆಗಲೇ ಬರೆದಿಟ್ಟ ದಿನಾಂಕಗಳನ್ನು ಕಾರ್ಡ್ ಎದುರಿಗಿಟ್ಟುಕೊಂಡು ಇನ್ನೊಮ್ಮೆ ನೋಡಿ.

ಇನ್ನು ದೊಡ್ಡವರ ತಪಾಸಣೆ. ಇಲ್ಲಿ ಲೆಕ್ಕದ ಸ್ವರೂಪವೇ ಬೇರೆ. ಲಸಿಕೆಯ ಅಂತರ ಎಲ್ಲ ಮಕ್ಕಳಿಗೂ ಒಂದೇ. ತಪಾಸಣೆಯ ಅಂತರವನ್ನು ನಿರ್ಧರಿಸುವುದು ಹಿಂದಿನ ಸಲದ ಫಲಿತಾಂಶ. ಸಕ್ಕರೆ ಕಾಯಿಲೆಯ ತಾತನ ಎಚ್‌ಬಿಎ1ಸಿ ಪರೀಕ್ಷೆ 30 ಆಗಸ್ಟ್ 2025ರಂದು ಆಗಿದೆ ಎನ್ನೋಣ. ಸಕ್ಕರೆ ಹಿಡಿತದಲ್ಲಿದ್ದು ಮಾತ್ರೆ ಬದಲಾಗದಿದ್ದರೆ ಸಾಮಾನ್ಯವಾಗಿ 6 ತಿಂಗಳಿಗೆ ಮತ್ತೆ ಮಾಡಿಸಿದರೆ ಸಾಕು. ಹಿಡಿತ ತಪ್ಪಿದ್ದರೆ ಅಥವಾ ಮಾತ್ರೆ ಬದಲಿಸಿದ್ದರೆ 3 ತಿಂಗಳಿಗೆ. ಅದಕ್ಕೂ ಮುಂಚೆ ಮಾಡಿಸಿದರೆ ಹೊಸ ಮಾತ್ರೆಯ ಗುಣ ಪೂರ್ತಿ ಕಾಣುವುದಿಲ್ಲ. ಈ ಪರೀಕ್ಷೆ ನೋಡುವುದು ಕೆಂಪು ರಕ್ತಕಣಗಳಿಗೆ ಅಂಟಿದ ಸಕ್ಕರೆಯನ್ನು, ಆ ಕಣಗಳ ಆಯಸ್ಸು ಸುಮಾರು 120 ದಿನ. ಹಳೆಯ ಕಣಗಳು ರಕ್ತದಲ್ಲಿ ಇರುವ ತನಕ ಹಳೆಯ ಸಕ್ಕರೆಯ ಲೆಕ್ಕವೂ ಅದರಲ್ಲಿ ಸೇರಿರುತ್ತದೆ.

ಆದ್ದರಿಂದ ತಪಾಸಣೆಯ ಹಾಳೆಯಲ್ಲಿ ಅಂತರವನ್ನು ಸೂತ್ರದೊಳಗೆ ಹುದುಗಿಸಬಾರದು. ಡಾಕ್ಟರು ಚೀಟಿಯಲ್ಲಿ ಎಷ್ಟು ತಿಂಗಳು ಎಂದು ಬರೆದರೋ ಅದನ್ನು E ಕಾಲಮ್ಮಿನಲ್ಲಿ ಬರೆದು ಲೆಕ್ಕ ಹೀಗೆ ಮಾಡಿ:

```
=IF(D7="","",EDATE(D7,E7))
```

`EDATE` ತಿಂಗಳುಗಳನ್ನು ಎಣಿಸುತ್ತದೆ. E7ರಲ್ಲಿ 6 ಇದ್ದರೆ ತಾತನ ಮುಂದಿನ ದಿನ 28 ಫೆಬ್ರುವರಿ 2026, ಫೆಬ್ರುವರಿಯಲ್ಲಿ 30 ಇಲ್ಲದ್ದರಿಂದ ಅದು ತಿಂಗಳ ಕೊನೆಗೆ ನಿಲ್ಲುತ್ತದೆ. ರಕ್ತಪರೀಕ್ಷೆಗೆ ಎರಡು ದಿನ ಹಿಂದುಮುಂದಾದರೆ ತೊಂದರೆಯಿಲ್ಲ. ವರ್ಷಕ್ಕೊಮ್ಮೆ ಆಗಬೇಕಾದ ಕಣ್ಣಿನ ರೆಟಿನಾ ಪರೀಕ್ಷೆಗೂ ಇದೇ ಸೂತ್ರ, 12 ಎಂದು ಬರೆದು. ಕಣ್ಣಿನ ಡಾಕ್ಟರು ಏನಾದರೂ ಬದಲಾವಣೆ ಕಂಡು ಬೇಗ ಬನ್ನಿ ಎಂದರೆ ಆ ಒಂದು ಅಂಕಿಯನ್ನು ತಿದ್ದಿದರಾಯಿತು.

ನನ್ನ ಮಟ್ಟಿಗೆ ಈ ಹಾಳೆಯ ನಿಜವಾದ ಉಪಯೋಗ ಇರುವುದು ಉದ್ದನೆಯ ಅಂತರಗಳಲ್ಲಿ. ಕೂಸಿನ ಸೂಜಿ ತಪ್ಪಿದರೆ ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದು ಕೇಳುತ್ತಾರೆ. ಕೂಸಿನ ಅಮ್ಮನ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಕಳೆದ ಸಲ ಯಾವಾಗ ಆಯಿತು ಎಂದು ಯಾರು ಕೇಳುತ್ತಾರೆ? 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳ ತಪಾಸಣಾ ಕಾರ್ಯಕ್ರಮದಲ್ಲಿ ಬಿಪಿ, ಸಕ್ಕರೆ ವರ್ಷಕ್ಕೊಮ್ಮೆ. ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ 5 ವರ್ಷಕ್ಕೊಮ್ಮೆ. ಐದು ವರ್ಷದ ಹಿಂದಿನ ದಿನಾಂಕ ಯಾವ ಮನೆಯಲ್ಲೂ ನೆನಪಿರುವುದಿಲ್ಲ. E ಕಾಲಮ್ಮಿನಲ್ಲಿ 60 ಎಂದು ಬರೆದಿಟ್ಟರೆ ಹಾಳೆ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಧನುರ್ವಾಯುವಿನ ಸೂಜಿಯದೂ ಇದೇ ಕಥೆ. ಗಾಯವಾಗಿ ಆಸ್ಪತ್ರೆಗೆ ಹೋದಾಗ 'ಕೊನೆಯ ಟಿಟಿ ಯಾವಾಗ ಹಾಕಿಸಿದ್ದು?' ಎಂದು ಕೇಳಿದರೆ ಹೆಚ್ಚಿನವರ ಬಳಿ ಉತ್ತರವಿರುವುದಿಲ್ಲ, ಇನ್ನೊಂದು ಸೂಜಿ ಬೀಳುತ್ತದೆ. ಗರ್ಭಿಣಿಯರಿಗೂ ಈ ದಿನಾಂಕ ಬೇಕು. ಹಿಂದಿನ ಬಸಿರಿನಲ್ಲಿ ಟಿಡಿಯ ಎರಡೂ ಡೋಸ್ ಆಗಿ ಮೂರು ವರ್ಷದೊಳಗೆ ಮತ್ತೆ ಬಸಿರಾದರೆ ಒಂದು ಬೂಸ್ಟರ್ ಸಾಕು. ದಿನಾಂಕ ಗೊತ್ತಿಲ್ಲದಿದ್ದರೆ ಎರಡೂ ಮತ್ತೆ.

ಹಾಳೆಯ ಕೊನೆಯ ಕಾಲಮ್ಮಿನಲ್ಲಿ ಇಷ್ಟು ಬರೆದರೆ ಇನ್ನೆಷ್ಟು ದಿನ ಉಳಿದಿದೆ ಎಂಬುದು ಕಾಣುತ್ತದೆ:

```
=IF(F7="","",F7-TODAY())
```

F ಎಂದರೆ ಮುಂದಿನ ದಿನಾಂಕವಿರುವ ಕಾಲಮ್ಮು. ಉತ್ತರದ ಮುಂದೆ ಕಳೆಯುವ ಚಿಹ್ನೆ ಬಂದರೆ ದಿನ ದಾಟಿದೆ ಎಂದರ್ಥ. ಈ ಕಾಲಮ್ಮಿನ ಪ್ರಕಾರ ಸಾಲುಗಳನ್ನು ಜೋಡಿಸಿದರೆ ಮೊದಲು ಆಗಬೇಕಾದ್ದು ಮೇಲೆ ಬರುತ್ತದೆ.

ಹಾಳೆಗೆ ಗೊತ್ತಿಲ್ಲದ ಸಂಗತಿಗಳೂ ಇವೆ. ಖಾಸಗಿ ಆಸ್ಪತ್ರೆಯ ಪಟ್ಟಿ ಸರ್ಕಾರಿ ಪಟ್ಟಿಯಂತೆಯೇ ಇರುವುದಿಲ್ಲ. ಹೆಚ್ಚಿನ ಲಸಿಕೆಗಳು ಇರುತ್ತವೆ, ಕೆಲವು ಕಡೆ ಒಂದೇ ಸೂಜಿಯಲ್ಲಿ ಬೇರೆ ಜೋಡಣೆ ಇರುತ್ತದೆ. ಅರ್ಧ ಅಲ್ಲಿ, ಅರ್ಧ ಇಲ್ಲಿ ಹಾಕಿಸಿದ ಮಗುವಿಗೆ ಉಳಿದದ್ದು ಯಾವುದು ಎಂಬುದನ್ನು ನರ್ಸ್ ಅಥವಾ ಡಾಕ್ಟರೇ ಕಾರ್ಡ್ ನೋಡಿ ಹೇಳಬೇಕು. ಲಸಿಕೆಯಾದ ಮೇಲೆ ತೀವ್ರ ಅಲರ್ಜಿ ಆಗಿದ್ದರೆ ಸೂತ್ರ ಕೊಟ್ಟ ದಿನಾಂಕವನ್ನು ಬದಿಗಿಟ್ಟು ಮೊದಲು ಡಾಕ್ಟರನ್ನು ಕೇಳಿ. ಕಾರ್ಡ್ ಕಳೆದುಹೋದರೆ ಹಾಳೆಯಲ್ಲಿ ನೀವೇ ಬರೆದ ದಿನಾಂಕ ದಾಖಲೆಯಾಗುವುದಿಲ್ಲ. ಅದಕ್ಕೆ ಪ್ರತಿ ಡೋಸ್ ಆದ ದಿನವೇ ಕಾರ್ಡಿನ ಫೋಟೊ ತೆಗೆದಿಡಿ. ಸರ್ಕಾರದ ಯು-ವಿನ್ ವ್ಯವಸ್ಥೆಯಲ್ಲಿ ಮಗುವಿನ ಹೆಸರು ನೋಂದಣಿಯಾಗಿದೆಯೇ ಎಂದು ಲಸಿಕೆ ಹಾಕುವ ಸಿಸ್ಟರನ್ನು ಕೇಳಿ ಖಚಿತಪಡಿಸಿಕೊಳ್ಳಿ. ಮನೆಗೆ ಬಂದ ಮೇಲೆ D ಕಾಲಮ್ಮಿನಲ್ಲಿ ಕಾರ್ಡಿನಲ್ಲಿರುವ ದಿನಾಂಕವನ್ನೇ ಬರೆಯಿರಿ.